ಅಕ್ಕನ ಬಾಗಿಲಿಗೆ ವಿಶೇಷ ರಜೆ

ನಮ್ಮ ಕಚೇರಿಯ ಟಪಾಲು ಗುಮಾಸ್ತರಿಗೆ ನಾವಿಟ್ಟ ಹೆಸರು ‘ಗೋಂದು’. ಬೆಳಿಗ್ಗೆ ಕುರ್ಚಿಗೆ ಅಂಟಿದರೆ ಸಂಜೆಯೇ ಬಿಡುತ್ತಿದ್ದರು. ಮದುವೆಯ ಗೋಜಿಗೆ ಹೋದವರಲ್ಲ. ಅವರನ್ನು ಎತ್ತಿ ಆಡಿಸಿ ಬೆಳೆಸಿದವಳು ಊರಲ್ಲಿದ್ದ ಅಕ್ಕ. ಈ ವಯಸ್ಸಿನಲ್ಲೂ ಅವಳ ಗದರಿಕೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಅವರ ಜಿಲ್ಲೆಗೆ ನೆರೆ ನುಗ್ಗಿದಾಗ, ಪರಿಹಾರ ಕೆಲಸಕ್ಕೆ ಹೋಗುತ್ತೇನೆಂದು ಸ್ವಂತ ರಜೆಯ ಲೆಕ್ಕಕ್ಕೆ ಸೇರದ ವಿಶೇಷ ಸಾಂದರ್ಭಿಕ ರಜೆ ಕೇಳಿದರು. ರಜೆ ವಿಭಾಗದ ಸೂಪರಿಂಟೆಂಡೆಂಟ್ ನಾನೇ. ಸ್ವಂತ ಜಿಲ್ಲೆ, ಮಾನ್ಯತೆಯುಳ್ಳ ಸೇವಾ ಸಂಸ್ಥೆ, ಕೆಲಸ ಮಾಡಿದ್ದಕ್ಕೆ ಆಮೇಲೆ ಆ ಸಂಸ್ಥೆಯಿಂದ ದೃಢೀಕರಣ, ಎಲ್ಲ ಸರಿಯಿತ್ತು. ಶಿಫಾರಸು ಮಾಡಿದೆ. ಇಲ್ಲವೆನ್ನಲು ಕಾರಣ ಸಿಗದಿದ್ದಾಗ ನಾನು ಬಹಳ ಉದಾರಿ.

ಅವಧಿ ಮುಗಿಯುವ ಮೊದಲೇ ಅವರು ನನ್ನ ಮೇಜಿನೆದುರು ನಿಂತಿದ್ದರು. ಉಳಿದ ದಿನಗಳನ್ನು ರದ್ದು ಮಾಡಿ, ಬದಲಿಗೆ ತಮ್ಮ ಗಳಿಕೆ ರಜೆ ಕೊಡಿ ಎಂದರು. ಸ್ವಂತ ರಜೆ ಉಳಿಸಿಕೊಳ್ಳಲು ಜನ ಮಾಡುವ ಸರ್ಕಸ್ಸುಗಳನ್ನೆಲ್ಲ ಕಂಡವನು ನಾನು. ಇಂಥ ತಿರುಗುಮುರುಗು ಕೋರಿಕೆ ಇದೇ ಮೊದಲು. ಅವರ ಮುಖ ನೋಡಿ ತಮಾಷೆ ಬಿಟ್ಟು, ಕೂರಿಸಿ ಕಾರಣ ಕೇಳಿದೆ.

ಶಿಬಿರದಲ್ಲಿ ಅವರಿಗೆ ಮನೆಗಳ ಕೆಸರು ತೆಗೆಯುವ ಕೆಲಸ. ಒಳಗೆ ಕಾಲಿಡುವ ಮುನ್ನ ಬಾಗಿಲಲ್ಲಿ ನಿಂತು ಕೂಗಬೇಕು, ಕಿವಿಗೊಡಬೇಕು. ಅಕ್ಕನ ಮನೆಯೆದುರೂ ಕೂಗಿದರಂತೆ. ಉತ್ತರ ಬಂತಂತೆ.

“‘ಕೆಲಸದ ಮೇಲೆ ಬಂದಿದ್ದೀಯ, ಅಲ್ಲೇ ನಿಲ್ಲು’ ಅಂದ್ಲು ಸಾರ್. ದಿನಾ ಅದೇ ಮಾತು. ಸ್ವಂತ ರಜೆ ಹಾಕ್ಕೊಂಡು ಹೋದ್ರೆ ಒಳಗೆ ಕರೀತಾಳೆ.”

ಅವರನ್ನು ಕಾಫಿಗೆ ಕಳಿಸಿ ಶಿಬಿರದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅಕ್ಕನ ಶವ ಮೊದಲ ದಿನವೇ ಸಿಕ್ಕಿತ್ತು, ಗುರುತಿಸಿದ್ದು ತಮ್ಮನೇ. ಮನೆಯ ಹಿಂಭಾಗ ಕೊಚ್ಚಿಹೋಗಿದೆ, ಚಾವಣಿ ಒಂದು ಗೋಡೆಯ ಮೇಲೆ ನೇತಾಡುತ್ತಿದೆ ಎಂದರು. ಆಮೇಲೆ ದನಿ ತಗ್ಗಿಸಿದರು.

“ಒಳಗಿಂದ ‘ಅಲ್ಲೇ ನಿಲ್ಲು’ ಅನ್ನೋದು ನಮಗೂ ಕೇಳಿಸುತ್ತೆ ಸಾರ್. ನಮ್ಮೋರು ಯಾರೂ ಆ ಬೀದಿಗೆ ಹೋಗಲ್ಲ.”

ರಿಸೀವರ್ ಇಟ್ಟ ಮೇಲೂ ಕಿವಿ ತಣ್ಣಗೆ ಕೊರೆಯುತ್ತಿತ್ತು. ಕಚೇರಿ ಕೆಲಸದ ಒತ್ತಡವಿದ್ದರೆ ಗಳಿಕೆ ರಜೆ ನಿರಾಕರಿಸಬಹುದು. ಆ ಅಸ್ತ್ರವನ್ನು ಎಷ್ಟೋ ಜನರ ಮೇಲೆ ಖುಷಿಯಿಂದ ಬಿಟ್ಟವನು ನಾನು. ಈ ಸಲ, ಕಾಫಿ ಮುಗಿಸಿ ಬಂದ ಗುಮಾಸ್ತರು ಆ ಚಾವಣಿಯಡಿ ಕಾಲಿಡದಿರಲೆಂದು ಬಿಟ್ಟೆ.

“ಕೆಲಸ ಜಾಸ್ತಿ ಇದೆ, ಗಳಿಕೆ ರಜೆ ಆಗಲ್ಲ. ಹೋಗೋದಾದ್ರೆ ಉಳಿದಿರೋ ವಿಶೇಷ ರಜೆಯಲ್ಲೇ ಹೋಗಿ.”

“ಕೆಲಸ ಜಾಸ್ತಿ ಅಂತೀರಿ, ಹೋಗಿ ಅಂತೀರಿ.”

“ಕಚೇರಿ ಅಂದ್ರೆ ಹಾಗೇ ಕಣ್ರೀ.”

“ಹಾಗಾದ್ರೆ ಈ ಸಲವೂ ಬಾಗಿಲಲ್ಲೇ.”

“ಹೂಂ. ಬಾಗಿಲಲ್ಲೇ.”

ದೃಢೀಕರಣ ಪತ್ರದೊಂದಿಗೆ ಸರಿಯಾದ ದಿನಕ್ಕೆ ಮರಳಿದರು. ಅವರು ಬಾಗಿಲ ಮುಂದಿನ ಅಂಗಳದಲ್ಲಿ ನಿಂತು ಕೂಗುತ್ತಿದ್ದಾಗಲೇ ಮನೆ ಕುಸಿದುಬಿತ್ತಂತೆ. ಮೈಮೇಲೆ ಒಂದು ಗೀರೂ ಇರಲಿಲ್ಲ. ನಾನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಲಕೋಟೆ ಅಂಟಿಸುತ್ತಲೇ, ತಲೆಯೆತ್ತದೆ ಅವರೆಂದರು:

“ಅಕ್ಕ ಕೇಳಿದ್ಲು ಸಾರ್, ಸ್ವಂತ ರಜೆ ಕೊಡಲ್ಲ ಅಂದೋರು ಯಾರು ಅಂತ. ನಿಮ್ಮ ಹೆಸರು ಹೇಳಿದ್ದೀನಿ.”

ಯಾವಾಗ ಕೇಳಿದಳು, ಮನೆ ಬೀಳುವ ಮೊದಲೋ ಆಮೇಲೋ ಎಂದು ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ. ಅಂದಿನಿಂದ ನಾನು ಸ್ವಂತ ರಜೆ ಹಾಕಿಲ್ಲ.