ವಿಷಯವಿಲ್ಲದ ಕ್ವಿಜ್

ಅವತ್ತು ಗುರುವಾರ. ನಮ್ಮ ಸೊಸೈಟಿಯಲ್ಲಿ ನೀರು ಬರುವುದು ಬೆಳಿಗ್ಗೆ ಐದೂವರೆಗೆ, ನಲವತ್ತು ನಿಮಿಷ ಮಾತ್ರ. ಡ್ರಮ್ಮು ತುಂಬಿಸಿ, ಕುಡಿಯುವ ನೀರು ಸೋಸಿ, ಇವರ ಡಬ್ಬಿಗೆ ಚಪಾತಿ ಮತ್ತು ಸೌತೆಕಾಯಿ ಪಲ್ಯ ಹಾಕಿದೆ. ಇವರು ಫಾಸ್ಟ್ ಲೋಕಲ್ ಹಿಡಿಯಲು ಓಡಿದ ಮೇಲೆ ಮನೆಯಲ್ಲಿ ಹತ್ತು ನಿಮಿಷದ ಒಂದು ನಿಶ್ಶಬ್ದ ಸಿಗುತ್ತದೆ. ಮಗಳು ಕಾಲೇಜಿಗೆ ಏಳುವ ಮೊದಲಿನ ಆ ಹತ್ತು ನಿಮಿಷ ನನ್ನದು. ಕಿಟಕಿಯ ಬಳಿ ಕೂತು ಕರಿಬೇವಿನ ಎಸಳು ಬಿಡಿಸುತ್ತಿದ್ದಾಗ ಫೋನು ಸದ್ದು ಮಾಡಿತು.

ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯವರ ಮೆಸೇಜು. 'ರವಿವಾರಕ್ಕೆ ಒಂದು ಕ್ವಿಜ್ ಮಾಡಿಕೊಡಿ. ಸಂಜೆಯೊಳಗೆ ಬೇಕು.'

ಅಷ್ಟೇ. ನಾನು ಬೆರಳಿನಿಂದ ಕೆಳಗೆ ಸರಿಸಿ ನೋಡಿದೆ, ಇನ್ನೇನಾದರೂ ಇದೆಯೋ ಎಂದು. ಇರಲಿಲ್ಲ. ಅವರು ಯಾವ ಮೆಸೇಜಿನ ಕೊನೆಗೂ ಮೂರು ಕೈಮುಗಿದ ಚಿತ್ರ ಹಾಕುವವರು. ಹಾಲ್‌ನ ಫ್ಯಾನ್ ರಿಪೇರಿಯ ಸುದ್ದಿಗೂ ಹಾಕಿದ್ದರು. ಈ ಸಲ ಒಂದೂ ಇಲ್ಲ.

ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಆ ಸಂಘದ ಹಾಲ್‌ನಲ್ಲಿ ಪ್ರತಿ ಭಾನುವಾರ ಹತ್ತು ಗಂಟೆಗೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಆರು ವರ್ಷವಾಯಿತು. ಮೊದಲು ಇಪ್ಪತ್ತೆಂಟು ಮಕ್ಕಳಿದ್ದರು, ಈಗ ಹನ್ನೊಂದು. ಹನ್ನೊಂದು ಮಕ್ಕಳಿಗಾಗಿ ರಜೆಯ ದಿನ ಬಾಡಿಗೆ ಬರುವ ದೊಡ್ಡ ಹಾಲ್ ಅನ್ನು ಯಾಕೆ ಕಟ್ಟಿಹಾಕಬೇಕು ಎಂಬ ಮಾತು ಸಮಿತಿಯಲ್ಲಿ ಎದ್ದಿದೆ ಎಂದು ಎರಡು ಕಡೆಯಿಂದ ಕೇಳಿದ್ದೆ. ಎದುರಿಗೆ ಯಾರೂ ಹೇಳಿರಲಿಲ್ಲ. ಎದುರಿಗೆ ಎಲ್ಲರೂ 'ನೀವು ಇದ್ದೀರಿ ಅಂತ ನಡೀತಿದೆ ಮೇಡಂ' ಎನ್ನುತ್ತಾರೆ.

ಆದ್ದರಿಂದ ಆ ಒಂದು ಸಾಲು ನನಗೆ ಬರೀ ಸಾಲಾಗಿ ಕಾಣಲಿಲ್ಲ. ಯಾವ ವಿಷಯ ಎಂದಿಲ್ಲ. ಎಷ್ಟು ಪ್ರಶ್ನೆ ಎಂದಿಲ್ಲ. ಸುಲಭವೋ ಕಷ್ಟವೋ ಎಂದಿಲ್ಲ. ಉತ್ತರದ ಕೆಳಗೆ ವಿವರಣೆ ಬೇಕೋ ಬೇಡವೋ ಎಂದೂ ಇಲ್ಲ. ಕಷ್ಟದ್ದು ಕೊಟ್ಟರೆ ಮಕ್ಕಳು ತಡವರಿಸುತ್ತಾರೆ, ಆಗ 'ಆರು ವರ್ಷದಲ್ಲಿ ಏನು ಕಲಿಸಿದ್ದೀರಿ' ಎನ್ನಬಹುದು. ಸುಲಭದ್ದು ಕೊಟ್ಟರೆ 'ಟೀಚರೇ ದಾಟಿಸಿಬಿಟ್ಟರು' ಎನ್ನಬಹುದು. ಖಾಲಿ ಬಿಟ್ಟ ಒಂದೊಂದು ಜಾಗದಲ್ಲೂ ನಾನೇ ಬೀಳುವಂತೆ ಯಾರೋ ಅಳೆದು ಗುಂಡಿ ತೋಡಿದಂತಿತ್ತು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಪರೀಕ್ಷೆಯ ಹಿಂದಿನ ದಿನ ಬೋರ್ಡಿನ ಮೂಲೆಯಲ್ಲಿ ಚೌಕ ಎಳೆದು, ಯಾವ ಪಾಠ, ಎಷ್ಟು ಪ್ರಶ್ನೆ, ಎಷ್ಟು ಹೊತ್ತು ಎಂದು ಬರೆಯುತ್ತಿದ್ದರು. ಕೈಮೇಲೆ ಸ್ಕೇಲಿನಿಂದ ಹೊಡೆಯುವವರೂ ಅವರೇ, ಆದರೆ ಚೌಕ ತಪ್ಪಿಸುತ್ತಿರಲಿಲ್ಲ.

'ಯಾವ ವಿಷಯದ ಮೇಲೆ ಸರ್? ಎಷ್ಟು ಪ್ರಶ್ನೆ?' ಎಂದು ಬರೆದು ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಕಾಲು ಗಂಟೆಯ ಮೇಲೆ ಉತ್ತರ ಬಂತು: ಒಂದು ಹೆಬ್ಬೆರಳು. ಎರಡು ಪ್ರಶ್ನೆಗೆ ಒಂದು ಹೆಬ್ಬೆರಳು!

ಮಗಳು ಎದ್ದು ಬಂದವಳು ನನ್ನ ಮುಖ ನೋಡಿ ಫೋನು ಕಿತ್ತುಕೊಂಡಳು.

"ಅಮ್ಮಾ, ಕ್ಯೂಂ ಟೆನ್ಶನ್ ಲೇ ರಹೀ ಹೋ? ಎಐಗೆ ಕೇಳು ನಾ."

"ಅದಕ್ಕೇನು ಗೊತ್ತು ನಮ್ಮ ಸಮಿತಿಯ ವಿಷಯ?"

"ಸಮಿತಿಯ ವಿಷಯ ಯಾರಿಗೆ ಗೊತ್ತು? ಸಮಿತೀಕೋ ಭೀ ನಹೀಂ." ಹಲ್ಲುಜ್ಜುತ್ತಲೇ ಆ ಸಾಲನ್ನು ಹಾಗೆಯೇ ಹಾಕಿದಳು. ಬ್ರಶ್ಶು ಬಾಯಲ್ಲೇ ಇತ್ತು, ಅಷ್ಟರಲ್ಲಿ ಕ್ವಿಜ್ ಬಂತು.

ಮೇಲ್ಗಡೆಯೇ ಬರೆದಿತ್ತು: ವಿಷಯ ಹೇಳಿಲ್ಲವಾದ್ದರಿಂದ ಸಾಮಾನ್ಯ ಜ್ಞಾನದ ಹತ್ತು ಪ್ರಶ್ನೆ ಕೊಟ್ಟಿದ್ದೇನೆ, ಮಧ್ಯಮ ಮಟ್ಟದ್ದು. ಕೆಳಗೆ ಅತಿ ದೊಡ್ಡ ಗ್ರಹ ಯಾವುದು, ಹೃದಯಕ್ಕೆ ಎಷ್ಟು ಕೋಣೆ, ಇಂಥವು. ಕೊನೆಯಲ್ಲಿ ಉತ್ತರ, ಒಂದೊಂದಕ್ಕೂ ಒಂದು ಸಾಲಿನ ವಿವರಣೆ. ಆಮೇಲೆ, ಯಾರಿಗಾಗಿ, ಯಾವ ವಿಷಯ, ಎಷ್ಟು ಬೇಕು, ವಿವರಣೆ ಬೇಡವೇ ಎಂದು ತಿಳಿಸಿದರೆ ಬದಲಿಸಿ ಕೊಡುತ್ತೇನೆ ಎಂದಿತ್ತು.

ಎರಡು ಸಲ ಓದಿದೆ. ಮಕ್ಕಳಿಗೆ ಇದು ಹೊಂದುವುದಿಲ್ಲ, ಕನ್ನಡದ ಗಂಧವೇ ಇಲ್ಲ. ಆದರೆ ಅದು ಊಹಿಸಿದ್ದನ್ನು ಊಹೆ ಎಂದು ಹೇಳಿಕೊಂಡಿತ್ತು. ನಮ್ಮ ಕಾರ್ಯದರ್ಶಿಯವರು ಅಷ್ಟನ್ನೂ ಹೇಳಿರಲಿಲ್ಲ. ಹಾಗಾದರೆ ಅವರು ಗೊತ್ತಿದ್ದೂ ಹೇಳದಿರುವುದು ಏನು?

ಮಧ್ಯಾಹ್ನ ಊಟ ಮುಗಿಸಿ, ಕೇಳಬೇಕಾದ ನಾಲ್ಕು ಸಂಗತಿಗಳನ್ನು ಹಾಲಿನ ಬಿಲ್ಲಿನ ಹಿಂದೆ ಬರೆದುಕೊಂಡು, ಕಲ್ಯಾಣ್‌ಗೆ ಸ್ಲೋ ಲೋಕಲ್ ಹತ್ತಿದೆ. ನಡುವೆ ಠಾಕುರ್ಲಿ ಒಂದೇ ಸ್ಟೇಶನ್ನು. ಕಾರ್ಯದರ್ಶಿಯವರದು ಸ್ಟೇಶನ್ ಹತ್ತಿರವೇ ವೆಜ್ ಹೋಟೆಲು. ಉಡುಪಿ ಕಡೆಯವರು, ನಾವೂ ಅದೇ ಕಡೆಯವರು. ಅದರಿಂದ ಏನೂ ಹೆಚ್ಚಿನ ಸತ್ಯ ಸಿಗುವುದಿಲ್ಲ, ತಿಂಡಿ ಮಾತ್ರ ಸಿಗುತ್ತದೆ.

ಮೂರು ಗಂಟೆಯ ಹೊತ್ತಿಗೆ ಹೋಟೆಲು ಖಾಲಿ. ಅವರು ಗಲ್ಲಾದಲ್ಲಿ ಕೂತಿದ್ದರು. ನನ್ನನ್ನು ನೋಡಿ ಮೊದಲು ಗಡಿಯಾರ ನೋಡಿದರು.

"ಎಂತ ಮೇಡಂ, ಒಂದು ಕ್ವಿಜ್ಜಿಗೆ ಟ್ರೈನು ಹತ್ತಿ ಬಂದ್ರಾ? ಕೂತ್ಕೊಳ್ಳಿ, ಬನ್ಸ್ ಬಿಸಿ ಉಂಟು."

"ಬನ್ಸ್ ಆಮೇಲೆ. ಯಾವ ವಿಷಯ ಅಂತ ಹೇಳಿ ಸರ್."

"ಎಂತದಾದ್ರೂ ಆಗ್ತದೆ. ಕ್ವಿಜ್ ಅಂದ್ರೆ ಕ್ವಿಜ್."

"ಎಷ್ಟು ಪ್ರಶ್ನೆ?"

"ನಿಮ್ಗೆ ಬೇಕಾದಷ್ಟು ಮಾಡಿ ಮಾರಾಯ್ರೆ. ನೀವು ಟೀಚರು, ನಾನು ದೋಸೆ ಹುಯ್ಯುವವ."

"ಕಷ್ಟದ್ದಾ, ಸುಲಭದ್ದಾ? ಚಿಕ್ಕವಳಿಗೆ ಆರು ವರ್ಷ, ದೊಡ್ಡವನಿಗೆ ಹದಿನಾಲ್ಕು."

"ಮೀಡಿಯಂ."

"ಯಾರಿಗೆ ಮೀಡಿಯಂ? ಆರಕ್ಕೋ ಹದಿನಾಲ್ಕಕ್ಕೋ?"

ಅವರು ನಕ್ಕರು. ನಗುತ್ತಲೇ ಸೋಂಪಿನ ತಟ್ಟೆಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದರು. ಅದು ಮೊದಲಿದ್ದ ಜಾಗವೇ ಸರಿಯಾಗಿತ್ತು.

"ಕೊನೇದು," ಎಂದೆ. "ಉತ್ತರದ ಜೊತೆ ವಿವರಣೆ ಹೇಳ್ಬೇಕಾ, ಬರೀ ಉತ್ತರ ಸಾಕಾ?"

"ವಿವರಣೆ ಎಂತಕ್ಕೆ? ಅವ್ರು ನೋಡೋದು ಬರೀ ಮಾರ್ಕು."

"ಅವ್ರು ಅಂದ್ರೆ ಯಾರು ಸರ್?"

ಅವರು ಅಡುಗೆಮನೆಯ ಕಡೆ ತಿರುಗಿ "ಎರಡು ಚಾ!" ಎಂದು ಕೂಗಿದರು. ಚಾ ಬರುವವರೆಗೆ ನಾನು ಮಾತಾಡಲಿಲ್ಲ. ಸುಮ್ಮನೆ ಕೂತರೆ ಜನ ತಾವಾಗಿ ಹೇಳುತ್ತಾರೆ ಎಂಬುದು ಮಕ್ಕಳಿಂದ ಕಲಿತದ್ದು.

"ಸಮಿತಿಯವ್ರು," ಎಂದರು ಕೊನೆಗೆ, ಲೋಟದೊಳಗೆ ನೋಡುತ್ತ. "ನಾಲ್ಕೈದು ಮಂದಿ ಹಿಂದೆ ಕೂತು ನೋಡ್ತಾರಂತೆ. ಎಷ್ಟು ಮಕ್ಕಳು ಪಾಸು ಅಂತ. ಅಷ್ಟೇ ಮಾರಾಯ್ರೆ, ದೊಡ್ಡ ವಿಷಯ ಎಂತ ಇಲ್ಲ. ನನ್ಗೆ ಹೇಳಿದ್ದು ಒಂದು ಸಾಲು, ನಿಮ್ಗೆ ಹಾಕಿದ್ದೂ ಅದೇ ಸಾಲು."

"ಪಾಸಿಗೆ ಎಷ್ಟು ಅಂತ ಅವ್ರು ಹೇಳಿದ್ರಾ?"

"ಅದೆಲ್ಲ ಆಮೇಲೆ ನೋಡುವ ಅಂದ್ರು."

ಅಂದರೆ ಪರೀಕ್ಷೆ ಮುಗಿದ ಮೇಲೆ ಪಾಸಿನ ಗೆರೆ ಎಳೆಯುತ್ತಾರೆ. ಬನ್ಸ್ ಚೆನ್ನಾಗಿತ್ತು. ಅರ್ಧ ತಿಂದು ಎದ್ದೆ.

ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ನಿಂತೇ ಯೋಚಿಸಿದೆ. ಮನೆಗೆ ಬಂದು, ಅವರು ಖಾಲಿ ಬಿಟ್ಟಿದ್ದನ್ನೆಲ್ಲ ನಾನೇ ತುಂಬಿ, ತುಂಬಿದ್ದು ನಾನು ಎಂದೇ ಬರೆದೆ. ಹಾಳೆಯ ಮೇಲ್ಭಾಗದಲ್ಲಿ ಚೌಕ ಎಳೆದು: 'ವಿಷಯ: ಈ ವರ್ಷ ಹೇಳಿಕೊಟ್ಟ ಪಾಠ. ಪ್ರಶ್ನೆ ಹತ್ತು. ಏಳು ಎಲ್ಲರಿಗೂ ಬರುವಂಥವು, ಮೂರು ಹತ್ತು ವರ್ಷ ಮೇಲ್ಪಟ್ಟವರಿಗೆ. ಬಾಯಲ್ಲಿ ಕೇಳುವುದು. ಪ್ರತಿ ಉತ್ತರದ ನಂತರ ಒಂದು ಸಾಲಿನ ವಿವರಣೆ ಉಂಟು.'

ವಿವರಣೆಯನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ನಾಲ್ಕನೆಯ ಪ್ರಶ್ನೆ ಹೀಗಿತ್ತು: ಇವತ್ತು ಭಾನುವಾರ, ಹಾಗಾದರೆ ಮೊನ್ನೆ ಯಾವ ವಾರ? ನಮ್ಮ ಮಕ್ಕಳು ಇಲ್ಲಿ ಖಂಡಿತ ಎಡವುತ್ತಾರೆ. ಬೀದಿಯಲ್ಲಿ ಆಡುವ ಮರಾಠಿಯಲ್ಲಿ 'ಪರವಾ' ಎಂದರೆ ಮೊನ್ನೆಯೂ ಆಗುತ್ತದೆ, ನಾಡಿದ್ದೂ ಆಗುತ್ತದೆ. ಒಬ್ಬಳು ಮಂಗಳವಾರ ಎಂದರೆ ಅವಳಿಗೆ ಕನ್ನಡ ಬರುವುದಿಲ್ಲ ಎಂದಲ್ಲ, ಎರಡು ಭಾಷೆ ಒಟ್ಟಿಗೆ ಬರುತ್ತವೆ ಎಂದು. ನಿನ್ನೆ ಶನಿವಾರ, ಅದರ ಹಿಂದಿನ ದಿನ ಮೊನ್ನೆ, ಆದ್ದರಿಂದ ಶುಕ್ರವಾರ; ಕನ್ನಡದಲ್ಲಿ ನಾಳೆಯ ಮುಂದಿನದಕ್ಕೆ ನಾಡಿದ್ದು ಎಂಬ ಬೇರೆ ಮಾತೇ ಇದೆ. ಇಷ್ಟು ಹೇಳಿದರೆ ಅವಳು ಇನ್ನೊಮ್ಮೆ ತಪ್ಪುವುದಿಲ್ಲ. ಹಿಂದೆ ಕೂತವರು ಸೊನ್ನೆ ಬರೆದುಕೊಂಡು ಹೋದರೆ ಅವಳಿಗೆ ಸಿಗುವುದು ಸೊನ್ನೆ ಮಾತ್ರ.

ಕಳಿಸುವಾಗ ಕಾರ್ಯದರ್ಶಿಯವರೊಬ್ಬರಿಗೆ ಕಳಿಸಲಿಲ್ಲ. ಸಮಿತಿಯ ಇಡೀ ಗ್ರೂಪಿಗೆ ಹಾಕಿದೆ. ಕೆಳಗೆ, 'ಇದರಲ್ಲಿ ಯಾವುದು ಬೇರೆ ಬೇಕಿದ್ದರೂ ಆರು ಗಂಟೆಯೊಳಗೆ ತಿಳಿಸಿ. ಎಷ್ಟಕ್ಕೆ ಪಾಸು ಎಂಬುದನ್ನೂ ಈಗಲೇ ಬರೆಯಿರಿ, ಮಕ್ಕಳಿಗೆ ಮೊದಲೇ ಹೇಳಬೇಕು' ಎಂದು ಸೇರಿಸಿದೆ. ಆರು ವರ್ಷದಲ್ಲಿ ಆ ಗ್ರೂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟು ನಾನು ಬೇರೇನನ್ನೂ ಬರೆದಿರಲಿಲ್ಲ.

ಒಬ್ಬೊಬ್ಬರೇ ನೋಡುತ್ತಿದ್ದುದು ಗೊತ್ತಾಗುತ್ತಿತ್ತು. ಒಂಬತ್ತು ಮಂದಿ ನೋಡಿದರು. ಒಬ್ಬರು ಬರೆಯುತ್ತಿದ್ದಾರೆ ಎಂದು ತೋರಿಸಿ, ನಿಂತು, ಮತ್ತೆ ಬರೆಯುತ್ತಿದ್ದಾರೆ ಎಂದು ತೋರಿಸಿ, ಏನನ್ನೂ ಕಳಿಸಲಿಲ್ಲ. ಆರು ಗಂಟೆಗೆ ಕಾರ್ಯದರ್ಶಿಯವರ ಹೆಬ್ಬೆರಳು ಬಂತು. ಅದರ ಪಕ್ಕದಲ್ಲಿ ಈಗ ಮೂರು ಕೈಮುಗಿದ ಚಿತ್ರ. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ; ಎಷ್ಟಕ್ಕೆ ಪಾಸು ಎಂದು ಯಾರೂ ಬರೆದಿರಲಿಲ್ಲ.

ಏಳರ ಹೊತ್ತಿಗೆ ಎದುರು ಮನೆಯವರು ಕೊತ್ತಂಬರಿ ಕೇಳಲು ಬಂದರು. ವಿಜಯಪುರ ಕಡೆಯವರು, ಅವರ ಮೊಮ್ಮಗಳು ನನ್ನ ಹನ್ನೊಂದರಲ್ಲಿ ಒಬ್ಬಳು. ಫ್ರಿಜ್ಜಿನಿಂದ ಕಟ್ಟು ತೆಗೆದು ಅರ್ಧ ಮುರಿದು ಕೊಟ್ಟೆ. ಅವರು ಬೇರು ಕಿತ್ತು ನಮ್ಮ ಸಿಂಕಿನಲ್ಲೇ ಮಣ್ಣು ತೊಳೆಯತೊಡಗಿದರು.

"ಕ್ವಿಜ್ ಅದಂತಲ್ರೀ ಅಕ್ಕಾರ, ಈ ರವಿವಾರ?" ಎಂದರು.

"ನಿಮಗೆ ಯಾರು ಹೇಳಿದರು? ನಾನಿನ್ನೂ ಮಕ್ಕಳಿಗೆ ತಿಳಿಸಿಲ್ಲ."

"ಸಂಘದಾಗಿಂದ ಮುಂಜಾನೇನ ಮೆಸೇಜ್ ಬಂದದಲ್ರೀ ನಮ್ಮ ಸೊಸಿಗೆ. ಕ್ವಿಜ್ ಅದ, ಮತ್ತ ಮುಂದಿನ ವಾರದಿಂದ ಕ್ಲಾಸ್ ಹತ್ತಕ್ಕಲ್ಲ, ಮುಂಜಾನಿ ಏಳಕ್ಕ ಅಂತ." ಅವರು ಕೊತ್ತಂಬರಿಯ ನೀರನ್ನು ಕೊಡವಿ, ಬಾಗಿಲ ಕಡೆ ತಿರುಗಿದರು. "ರವಿವಾರ ಏಳಕ್ಕ ಯಾವ ಹುಡುಗ್ರು ಏಳ್ತಾವ ಬಿಡ್ರೀ."