ಒಳಗೆ ಬಟ್ಟೆ ಬಿಡದ ಲೆಕ್ಕ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಗಾಂಧಿ ಬಜಾರಿನಲ್ಲಿ ಟೈಲರ್ ಅಂಗಡಿ ಇಟ್ಟಿದ್ದೇನೆ. ಬಾಯಿಲೆಕ್ಕದಲ್ಲಿ ಚುರುಕು ಎಂಬ ಜಂಬ ನನಗಿತ್ತು.

ಹತ್ತು ವರ್ಷದ ಹಿಂದೆ ಅಕ್ಕ ಖಾಸಗಿ ಶಾಲೆಯ ಕೆಲಸದಿಂದ ನಿವೃತ್ತಳಾದಳು. ಒಂಟಿ ಹೆಂಗಸು, ಪಿಂಚಣಿ ಇಲ್ಲ. ಕೈಯಲ್ಲಿದ್ದದ್ದು ಮೂವತ್ತು ಲಕ್ಷ. ಬ್ಯಾಂಕಿನ ಮ್ಯಾನೇಜರು, ‘ಬಡ್ಡಿ ಪೂರ್ತಿ ಖರ್ಚು ಮಾಡ್ಬೇಡಿ, ಸ್ವಲ್ಪ ಅಸಲಿಗೆ ಸೇರಿಸ್ತಾ ಹೋಗಿ’ ಎಂದರು. ಅವರಿಗಿಂತ ನಾನೇ ಜಾಣ ಎಂದು ತೋರಿಸುವ ಆಸೆ ನನಗೆ. ‘ನೂರಕ್ಕೆ ಎಂಟು ಬಡ್ಡಿ, ತಿಂಗಳಿಗೆ ಇಪ್ಪತ್ತು ಸಾವಿರ. ನಿನ್ನ ಖರ್ಚೂ ಅಷ್ಟೇ. ಆರಾಮಾಗಿರು ಅಕ್ಕ’ ಎಂದೆ. ಅವಳು ನನ್ನನ್ನೇ ನಂಬಿದಳು.

ಬಡ್ಡಿ ದರ ಇಳಿಯಿತು. ಹಾಲು, ಔಷಧಿ, ಬಾಡಿಗೆ ಏರಿದವು. ಕೊರತೆಗೆ ಅಸಲನ್ನೇ ತೆಗೆದಳು. ಅಸಲು ಕರಗಿದಷ್ಟೂ ಬಡ್ಡಿ ಇನ್ನೂ ಕಡಿಮೆಯಾಯಿತು. ಕಳೆದ ವಾರ ಇಬ್ಬರೂ ಬ್ಯಾಂಕಿಗೆ ಹೋದೆವು. ಉಳಿದಿದ್ದು ಹದಿನಾರು ಲಕ್ಷ, ಈಗಿನ ಖರ್ಚು ತಿಂಗಳಿಗೆ ಮೂವತ್ತೈದು ಸಾವಿರ. ‘ಹೀಗೇ ಹೋದ್ರೆ ನಾಲ್ಕು ವರ್ಷ ಬರಬಹುದು. ಬಡ್ಡಿ ಇನ್ನೂ ಇಳಿದ್ರೆ ಅಷ್ಟೂ ಇಲ್ಲ’ ಎಂದರು ಅಲ್ಲಿನವರು. ಅಕ್ಕನಿಗೆ ಎಪ್ಪತ್ತು. ನಮ್ಮಮ್ಮ ತೊಂಬತ್ತು ದಾಟಿ ಬದುಕಿದ್ದಳು.

ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು: ‘ಮಕ್ಕಳ ಲಂಗ ಹೊಲಿಯೋವಾಗ, ಬೆಳೀತಾರೆ ಅಂತ ಒಳಗೆ ಬಟ್ಟೆ ಬಿಡ್ತೀಯಲ್ಲೋ. ನನ್ನ ಖರ್ಚು ಬೆಳೆಯಲ್ಲ ಅಂದ್ಕೊಂಡ್ಯಾ?’

ಪ್ರತಿ ಯುಗಾದಿಗೂ ಹೊಲಿಗೆಯ ದರ ಏರಿಸುವವನು ನಾನು. ‘ಬಾಡಿಗೆ ಮನೆ ಖಾಲಿ ಮಾಡಿ ನಮ್ಮನೆಗೇ ಬಂದ್ಬಿಡು’ ಎಂದೆ.

‘ಬರ್ತೀನಿ. ಲೆಕ್ಕ ಮಾತ್ರ ನೀನು ಮಾಡ್ಬೇಡ.’