ಗಾಳಿಗೆ ಎದುರಾದ ಪ್ಲೇಟು

ಹಿಡಿದದ್ದನ್ನು ಬಿಡದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತರೆ ಟೀ ಕೂಡ ನೆಮ್ಮದಿಯಾಗಿ ಇಳಿಯುವುದಿಲ್ಲ. ಆದರೂ ಯಶೋಧಾಳ ಬಗ್ಗೆ ನಾನೇ ಬರೆಯಬೇಕಾಗಿ ಬಂದಿದೆ. ಅವಳ ಮೇಜು ನನ್ನ ಮೇಜಿಗೆ ಅಂಟಿಕೊಂಡೇ ಇದೆ, ಬೇರೆ ಯಾರು ಬರೆದರೂ ಅವಳನ್ನು ದೇವಿ ಮಾಡಿಬಿಡುತ್ತಾರೆ.

ಚಿತ್ರದುರ್ಗದ ಹೊರಗೆ, ಹೊಳಲ್ಕೆರೆ ರಸ್ತೆಯಲ್ಲಿರುವ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವಳು ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕಿ. ಊರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ತಾಯಿ ಮುದ್ದಕ್ಕ ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಲಿ ಕೆಲಸ ಮಾಡಿಕೊಂಡೇ ಮಗಳನ್ನು ಓದಿಸಿದವಳು. ಡಿಪ್ಲೊಮಾದಲ್ಲಿ ಇಡೀ ಕ್ಲಾಸಿಗೆ ಯಶೋಧಾ ಒಬ್ಬಳೇ ಹುಡುಗಿ. ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡುವಾಗ ಮೇಷ್ಟ್ರು "ಹುಡುಗೀರಿಗೆ ಇಷ್ಟು ಸಾಕು" ಎಂದು ಪಾಸು ಮಾಡಿದರಂತೆ. ಇವಳು ಮೂಲೆಮಟ್ಟ ಇಟ್ಟು ನೋಡಿ, ಸಂದಿನಲ್ಲಿ ಬೆಳಕು ಕಾಣುತ್ತದೆ ಎಂದು ವಾಪಸು ತೆಗೆದುಕೊಂಡು ಹೋಗಿ ಸಂಜೆಯವರೆಗೂ ಉಜ್ಜಿದಳಂತೆ. ಪಾಸಾದ ಮೇಲೆ ಯಾರಾದರೂ ಉಜ್ಜುತ್ತಾರೇನ್ರೀ? ಇಂಥವಳು.

ನಮ್ಮ ಲ್ಯಾಬಿನಲ್ಲಿ ಒಂದು ಹಳೆಯ ವಿಂಡ್ ಟನಲ್ ಇದೆ. ಉದ್ದನೆಯ ಪೆಟ್ಟಿಗೆ, ಹಿಂಬದಿಯಲ್ಲಿ ದೊಡ್ಡ ಫ್ಯಾನು. ಅದು ಗಾಳಿಯನ್ನು ಎಳೆದಾಗ ಗಾಜಿನ ಕಿಟಕಿ ಇರುವ ನಡುಭಾಗದಲ್ಲಿ ಸಮನಾಗಿ ಗಾಳಿ ಹರಿಯುತ್ತದೆ. ಅಲ್ಲಿ ಮೀಟರ್ ಉದ್ದದ ಚಪ್ಪಟೆ ಅಲ್ಯೂಮಿನಿಯಂ ಪ್ಲೇಟು ಮಲಗಿದೆ, ಕಪ್ಪು ಬಣ್ಣ ಬಳಿದದ್ದು. ಅದರ ಮೇಲೆ ಗಾಳಿ ಹೇಗೆ ಸಾಗುತ್ತದೆ ಎಂಬುದೇ ಪ್ರಯೋಗ. ಪ್ಲೇಟಿಗೆ ತಾಗಿದ ಗಾಳಿ ಅಲ್ಲೇ ಅಂಟಿಕೊಂಡು ನಿಂತುಬಿಡುತ್ತದೆ. ಅದರ ಮೇಲಿನದನ್ನು ಅದು ಹಿಡಿದೆಳೆಯುತ್ತದೆ, ಅದು ತನ್ನ ಮೇಲಿನದನ್ನು. ಹೀಗೆ ನಿಧಾನವಾದ ಗಾಳಿಯ ಒಂದು ತೆಳು ಪದರ ಪ್ಲೇಟಿನ ಮುಂದಿನ ಅಂಚಿನಲ್ಲಿ ಹುಟ್ಟಿ, ಹಿಂದಕ್ಕೆ ಹೋದಂತೆ ದಪ್ಪವಾಗುತ್ತದೆ. ಇದೇ ಬೌಂಡರಿ ಲೇಯರ್. ಮೊದಮೊದಲು ಆ ಪದರದೊಳಗೆ ಗಾಳಿ ಮಡಿಸಿಟ್ಟ ಸೀರೆಯ ಹಾಗೆ ಒಂದರ ಮೇಲೊಂದು ಒಪ್ಪವಾಗಿ ಜಾರುತ್ತದೆ. ಅದು ಲ್ಯಾಮಿನಾರ್. ಸ್ವಲ್ಪ ದೂರ ಹೋದ ಮೇಲೆ ಸಣ್ಣ ಸಣ್ಣ ಅಲುಗಾಟಗಳು ಬೆಳೆದು ಒಪ್ಪವೆಲ್ಲ ಕೆಟ್ಟು ಸುಳಿಗಳೇಳುತ್ತವೆ, ಪದರ ಬೇಗ ಬೇಗ ಉಬ್ಬುತ್ತದೆ. ಅದು ಟರ್ಬ್ಯುಲೆಂಟ್. ನಾವು ಓಡಿಸುವ ವೇಗಕ್ಕೆ ಈ ಬದಲಾವಣೆ ಮುಂದಿನ ಅಂಚಿನಿಂದ ನಲವತ್ತು ಸೆಂಟಿಮೀಟರ್ ಆಸುಪಾಸಿನಲ್ಲಿ ಆಗಬೇಕು.

ನಮ್ಮ ಟನಲ್‌ನಲ್ಲಿ ಆಗುತ್ತಿರಲಿಲ್ಲ. ಮೂವತ್ತು ಸೆಂಟಿಮೀಟರಿನಲ್ಲಿ ಪದರ ಎರಡೂವರೆ ಮಿಲಿಮೀಟರ್ ಇರಬೇಕಾದ ಕಡೆ ಎಂಟರ ಹತ್ತಿರ ತೋರಿಸುತ್ತಿತ್ತು. ಅಂದರೆ ಮುಂದಿನ ಅಂಚಿನಿಂದಲೇ ಟರ್ಬ್ಯುಲೆಂಟ್. ವಿದ್ಯಾರ್ಥಿಗಳು ಅದಕ್ಕೊಂದು ದಾರಿ ಕಂಡುಕೊಂಡಿದ್ದರು: ಫ್ಯಾನು ಓಡಿಸಿ, ಸೂತ್ರದಿಂದ ಲೆಕ್ಕ ಹಾಕಿ, ಬಂದ ಉತ್ತರವನ್ನೇ ರೀಡಿಂಗ್ ಎಂದು ಬರೆಯುವುದು. ವಿಭಾಗದಲ್ಲಿ ಯಾರೂ ಕೇಳುತ್ತಿರಲಿಲ್ಲ.

ಯಶೋಧಾ ಪಿಎಚ್‌ಡಿಗೆ ಈ ಟನಲ್ಲನ್ನೇ ನಂಬಿಕೊಂಡಿದ್ದಳು. ನಮ್ಮ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರೆಕ್ಕೆಗೆ ಧೂಳು ಮೆತ್ತಿದರೆ ಅದರ ಮೇಲಿನ ಗಾಳಿ ಎಷ್ಟು ಬೇಗ ಕೆಡುತ್ತದೆ ಎಂಬುದು ಅವಳ ವಿಷಯ. ಪ್ಲೇಟಿನ ಮುಂಭಾಗಕ್ಕೆ ಮರಳು ಕಾಗದದ ಪಟ್ಟಿ ಅಂಟಿಸಿ ಅಳೆಯುವುದು, ತೆಗೆದು ಅಳೆಯುವುದು. ಎರಡು ವರ್ಷ ಅಳೆದಳು. ಅಂಟಿಸಿದರೂ ಅಷ್ಟೇ, ತೆಗೆದರೂ ಅಷ್ಟೇ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ.

ಹೀಗಿರುವಾಗ ಆಡಳಿತ ಮಂಡಳಿಯ ಕಾರ್ಯದರ್ಶಿ ಹನುಮೇಶ್ ಅವರು ಹೊಸದುರ್ಗದಿಂದ ಬಂದು ಲ್ಯಾಬು ನೋಡಿದರು. ತಪ್ಪು ರೀಡಿಂಗ್ ಕೊಡುವ ಡಬ್ಬ ಅಷ್ಟು ಜಾಗ ತಿನ್ನುವುದೇಕೆ, ಗುಜರಿಗೆ ಹಾಕಿ ಅಲ್ಲಿ ಕಂಪ್ಯೂಟರ್ ಇಡೋಣ, ಹುಡುಗರು ಎಲ್ಲವನ್ನೂ ಪರದೆಯ ಮೇಲೇ ಮಾಡಲಿ ಎಂದರು. ಟನಲ್ ಹೋದರೆ ಅವಳ ಪಿಎಚ್‌ಡಿಯೂ ಹೋಯಿತು. ವಿಭಾಗದಲ್ಲಿ ಕೆಲವರು ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮುಸಿಮುಸಿ ನಕ್ಕರು. ನನಗೆ ಮೈ ಉರಿಯಿತು. ನಗುವವರು ಒಂದು ದಿನವಾದರೂ ಆ ಫ್ಯಾನಿನ ಸದ್ದಿನಲ್ಲಿ ನಿಂತವರಲ್ಲ. ಅವಳು ಮಾತ್ರ ಕಾರ್ಯದರ್ಶಿಗಳ ಮುಂದೆ ನಿಂತು ಸೆಮಿಸ್ಟರ್ ಮುಗಿಯುವವರೆಗೆ ಸಮಯ ಕೇಳಿದಳು. ಅಷ್ಟರೊಳಗೆ ಇದು ಸರಿಯಾದ ರೀಡಿಂಗ್ ಕೊಡದಿದ್ದರೆ ನಾನೇ ಕೈ ಹಾಕಿ ಲಾರಿಗೆ ಎತ್ತಿಸುತ್ತೇನೆ ಎಂದಳು. ಅವರು ಒಪ್ಪಿದರು.

ಅವಳು ಹುಡುಕದ ಜಾಗವಿಲ್ಲ. ಗಾಳಿ ಒಳಬರುವ ಬಾಯಿಯ ಜಾಲರಿ ತೊಳೆದಳು, ಸೋರುವ ಕೀಲುಗಳಿಗೆ ಟೇಪು ಸುತ್ತಿದಳು, ಫ್ಯಾನಿನ ಕಂಪನ ತಾಗದಂತೆ ರಬ್ಬರ್ ಕೊಟ್ಟಳು, ಪ್ಲೇಟಿನ ಮಟ್ಟ ನೋಡಿದಳು. ರೀಡಿಂಗ್ ಜಪ್ಪಯ್ಯ ಅನ್ನಲಿಲ್ಲ. ಕಂಪ್ಯೂಟರಿಗೆ ಹೋಗಮ್ಮ, ಒಳ್ಳೆಯ ಪೇಪರ್ ಬರೀಬಹುದು ಎಂದು ನಾನೂ ಹೇಳಿ ನೋಡಿದೆ. ಅವಳು ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತೆತ್ತಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಅವಳು ತನಗೆ ತಾನೇ ಎನ್ನುವಂತೆ ಮಾತಾಡತೊಡಗಿದಳು. ಮರಳು ಕಾಗದ ಅಂಟಿಸಿದರೂ ವ್ಯತ್ಯಾಸವಿಲ್ಲ ಎಂದರೆ, ಅದು ಮಾಡಬೇಕಾದ ಕೆಲಸವನ್ನು ಇನ್ಯಾವುದೋ ಮೊದಲೇ ಮಾಡಿ ಮುಗಿಸಿದೆ. ಬರುವ ಗಾಳಿಯೇ ಕೆಟ್ಟಿದ್ದರೆ ಪ್ಲೇಟಿನ ಅಗಲಕ್ಕೂ ಕೆಟ್ಟಿರಬೇಕು. ನಾವೆಲ್ಲ ಇಷ್ಟು ವರ್ಷ ಅಳೆದದ್ದು ನಟ್ಟನಡುವಿನ ಒಂದೇ ಗೆರೆಯಲ್ಲಿ. ಇಷ್ಟು ಹೇಳಿದವಳೇ ಕೈ ಕೂಡ ಒರೆಸಿಕೊಳ್ಳದೆ ಎದ್ದು ಲ್ಯಾಬಿಗೆ ನಡೆದಳು. ನಾನೂ ಹಿಂದೆಯೇ ಹೋದೆ.

ಅಳೆಯುವ ಕೊಳವೆಯನ್ನು ನಡುವಿನಿಂದ ಒಂದು ಗೇಣು ಪಕ್ಕಕ್ಕೆ ಸರಿಸಿದಳು. ಮೂವತ್ತು ಸೆಂಟಿಮೀಟರ್ ದೂರ ಹಾಗೇ ಇತ್ತು, ವೇಗವೂ ಅದೇ. ಪದರ ಎರಡೂವರೆ ಮಿಲಿಮೀಟರ್ ಬಂತು. ಮತ್ತೆ ನಡುವಿಗೆ ತಂದಳು, ಎಂಟು. ಅಂದರೆ ಗಾಳಿ ಕೆಟ್ಟಿರಲಿಲ್ಲ. ಮುಂದೆ ನಡುವಿನಲ್ಲಿ ಏನೋ ಕೂತಿತ್ತು, ಅಲ್ಲಿಂದ ಹಿಂದಕ್ಕೆ ಸುಳಿಗಾಳಿ ಮೊರದ ಬಾಯಿಯಂತೆ ಹರಡಿಕೊಂಡು ಹೋಗುತ್ತಿತ್ತು. ಫ್ಯಾನು ನಿಲ್ಲಿಸಿ ಒಳಗೆ ಕೈಯಿಟ್ಟು, ಕಣ್ಣು ಮುಚ್ಚಿ ಮುಂದಿನ ಅಂಚನ್ನು ಬೆರಳಿನಿಂದ ಸವರಿದಳು. ನಂತರ ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟಳು. ಅಂಚಿನಿಂದ ಮೂರು ಸೆಂಟಿಮೀಟರ್ ಒಳಗೆ, ಕಪ್ಪು ಬಣ್ಣದ ಕೆಳಗೆ, ಅಡ್ಡಕ್ಕೆ ಮೂರು ಗೆರೆ, ನಡುವೆ ಒಂದು ಉಬ್ಬು. ಮಿಲಿಮೀಟರ್ ಎತ್ತರವಿದ್ದೀತು. ಕಪ್ಪಿನ ಮೇಲೆ ಕಪ್ಪು, ಕಣ್ಣಿಗೆ ಏನೂ ಕಾಣದು.

ಲ್ಯಾಬಿನ ಎರ್ರಿಸ್ವಾಮಿಯನ್ನು ಕರೆದಳು. ಟನಲ್ ಬಂದ ದಿನದಿಂದ ಅದನ್ನು ನೋಡಿಕೊಂಡವನು ಅವನೇ, ಧೂಳು ಹೊಡೆಯದೆ ಒಂದು ದಿನ ಬಿಟ್ಟವನಲ್ಲ. ಪ್ರತಿ ಆಯುಧ ಪೂಜೆಗೂ ಎಲ್ಲ ಯಂತ್ರಗಳ ಜೊತೆ ಪ್ಲೇಟಿಗೂ ಗಂಧ ಕಲಸಿದ ವಿಭೂತಿಯಿಂದ ಮೂರು ಗೆರೆ ಎಳೆದು ನಡುವೆ ಕುಂಕುಮ ಇಡುತ್ತಿದ್ದ. ಆಮೇಲೆ ಇನ್‌ಸ್ಪೆಕ್ಷನ್ ಬಂದಾಗ ಎಲ್ಲವೂ ಹೊಸದಾಗಿ ಕಾಣಬೇಕೆಂದು ಬಣ್ಣ ಹೊಡೆಯುವ ಪದ್ಧತಿ. ದೇವರಿಗೆ ಇಟ್ಟದ್ದನ್ನು ಒರೆಸುವುದು ಹೇಗೆಂದು ಅದರ ಮೇಲೇ ಕಪ್ಪು ಬಳಿಯುತ್ತಿದ್ದ. ಮರುವರ್ಷ ಅದೇ ಜಾಗದಲ್ಲಿ ಮತ್ತೆ ಗಂಧ, ಮತ್ತೆ ಬಣ್ಣ.

"ಅಲ್ಲೇ ಯಾಕಣ್ಣ ಇಡ್ತಿದ್ರಿ?" ಎಂದು ಯಶೋಧಾ ಕೇಳಿದಳು.

"ಗಾಳಿ ಮೊದ್ಲು ಮುಟ್ಟೋದು ಅಲ್ಲೇ ಅಲ್ವಾ ಮೇಡಂ. ಅದೇ ಅದರ ಹಣೆ ಅನ್ಕಂಡೆ" ಎಂದ.

ವಿಷಯ ತಿಳಿದ ಮೇಲೆ ಅವನ ಮುಖ ಸಪ್ಪಗಾಯಿತು. ಎರಡು ವರ್ಷ ಅವಳು ಬೆವರು ಸುರಿಸಿದ್ದನ್ನು ಪಕ್ಕದಲ್ಲೇ ನಿಂತು ನೋಡಿದವನು. ತಲೆ ತಗ್ಗಿಸಿ, ನಿಮ್ಮ ಬಾಳನ್ನೇ ಹಾಳು ಮಾಡಿದೆನಲ್ಲ ಎಂದು ಒರಲತೊಡಗಿದ. ನನಗೂ ಅವನ ಮೇಲೆ ರೇಗಿತ್ತು, ನಾಲ್ಕು ಮಾತು ಬಾಯಿಗೂ ಬಂದಿತ್ತು. ಅವಳು ಕೈಯೆತ್ತಿ ನನ್ನನ್ನು ತಡೆದಳು.

"ಇಟ್ಟಿದ್ದು ತಪ್ಪಲ್ಲಣ್ಣ, ಇಟ್ಟ ಜಾಗ ತಪ್ಪು. ಮುಂದಿನ ಸಲ ಹಿಂದ್ಗಡೆ ಮೋಟ್ರಿಗೆ ಇಡ್ರಿ. ಅಷ್ಟೊತ್ತಿಗೆ ಗಾಳಿ ಪ್ಲೇಟು ದಾಟಿರ್ತೈತೆ. ಈಗ ಉಜ್ಜಾಣ ಬರ್ರಿ."

ಬಣ್ಣ ತೆಗೆಯುವ ಮೊದಲು ಅವನು ಪ್ಲೇಟಿಗೆ ಕೈ ಮುಗಿದ. ಅವಳೂ ಮುಗಿದಳು. ಆಮೇಲೆ ನೀರು ಹಚ್ಚಿ, ನಯವಾದ ಕಾಗದದಿಂದ, ಅಂಚು ಮೊಂಡಾಗದ ಹಾಗೆ ಇಬ್ಬರೂ ದಿನಗಟ್ಟಲೆ ಉಜ್ಜಿದರು. ಸರದಿ ಬಂದಾಗ ನಾನೂ ಉಜ್ಜಿದೆ. ಕಪ್ಪು, ಕೆಂಪು, ಬೂದಿ, ಮತ್ತೆ ಕಪ್ಪು ಎಂದು ಪದರ ಪದರವಾಗಿ ಬಂತು. ಕೊನೆಗೆ ಬರೀ ಲೋಹ ಹೊಳೆಯಿತು.

ಹನುಮೇಶ್ ಅವರು ಬಂದ ದಿನ ಯಶೋಧಾ ಅಂಕಿ ತೋರಿಸಲಿಲ್ಲ. ಪ್ಲೇಟಿಗೆ ತಾಗಿಕೊಂಡಿರುವ ಸಣ್ಣ ಕೊಳವೆಗೆ ರಬ್ಬರ್ ಟ್ಯೂಬು ಸಿಕ್ಕಿಸಿ, ಅದನ್ನು ಡಾಕ್ಟರ ಸ್ಟೆತಸ್ಕೋಪಿಗೆ ಜೋಡಿಸಿ ಅವರ ಕಿವಿಗೆ ಕೊಟ್ಟಳು. ಕೊಳವೆ ಮೂವತ್ತು ಸೆಂಟಿಮೀಟರಿನಲ್ಲಿತ್ತು.

"ಏನೂ ಕೇಳ್ತಿಲ್ವಲ್ಲಮ್ಮ. ಸಣ್ಣಗೆ ಉಸ್ ಅಂತೈತೆ ಅಷ್ಟೆ" ಎಂದರು.

ಅದು ಲ್ಯಾಮಿನಾರ್ ಎಂದು ಹೇಳಿ, ಅವಳು ಕೊಳವೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. ನಲವತ್ತರ ಹತ್ತಿರ ಬಂದಾಗ ಅವರು ಹುಬ್ಬೇರಿಸಿದರು. ಬಿಟ್ಟು ಬಿಟ್ಟು ಪಟಪಟ ಅನ್ನುತ್ತಿದೆ, ಆಮೇಲೆ ಸುಮ್ಮನಾಗುತ್ತಿದೆ ಎಂದರು. ಇನ್ನೂ ಹಿಂದಕ್ಕೆ ಹೋದಾಗ ಬಿಡುವಿಲ್ಲದ ಗುಡುಗುಡು ಸದ್ದು. ಮತ್ತೆ ಮೂವತ್ತಕ್ಕೆ ತಂದಳು, ಮೌನ. ಫ್ಯಾನು ನಿಲ್ಲಿಸಿ ಮುಂಭಾಗಕ್ಕೆ ಮರಳು ಕಾಗದದ ಪಟ್ಟಿ ಅಂಟಿಸಿ ಓಡಿಸಿದಳು. ಮೂವತ್ತರಲ್ಲೇ ಗುಡುಗು ಬಂತು. ಹನುಮೇಶ್ ಅವರು ಸ್ಟೆತಸ್ಕೋಪ್ ತೆಗೆಯಲು ಮನಸ್ಸಿಲ್ಲದವರ ಹಾಗೆ ಇನ್ನೊಮ್ಮೆ ತೋರಿಸು ಎಂದರು. ತೋರಿಸಿದಳು.

ಆಮೇಲೆ ಅವರು ಕೇಳಬಾರದ ಪ್ರಶ್ನೆಯನ್ನೇ ಕೇಳಿದರು. "ಹಂಗಾರೆ ಇಷ್ಟು ವರ್ಷ ಈ ಲ್ಯಾಬ್ನಾಗೆ ಬರ್ದಿದ್ದು?"

ಯಾವುದಾದರೂ ನಯದ ಮಾತು ಹೇಳಿ ಜಾರಿಕೊಳ್ಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಟನಲ್ ಉಳಿಯಿತು, ಇನ್ನೇನು ಬೇಕು.

"ಎಲ್ಲ ತಪ್ಪು ಸರ್. ಹುಡುಗ್ರು ಅಳೀದೆ ಬರೆದ್ರು, ನಾನು ಅಳೆದೂ ತಪ್ಪು ಬರೆದೆ. ನನ್ನ ಎರಡು ವರ್ಷದ ರೀಡಿಂಗ್ ಯಾವುದೂ ಉಪಯೋಗಕ್ಕೆ ಬರಲ್ಲ. ಯೂನಿವರ್ಸಿಟಿಗೆ ತಿಳಿಸ್ತೀನಿ" ಎಂದಳು.

ಅವರು ಸ್ಟೆತಸ್ಕೋಪ್ ತೆಗೆದು ಮೇಜಿನ ಮೇಲಿಟ್ಟರು. ಇಲ್ಲಿ ಯಾರೂ ಕೇಳುತ್ತಿರಲಿಲ್ಲ, ನೀನು ಹೇಳದಿದ್ದರೆ ನಡೆಯುತ್ತಿತ್ತಲ್ಲ ಎಂದರು. ನಡೆಯುತ್ತಿತ್ತು ಸರ್ ಎಂದಳು, ಅಷ್ಟೇ. ಟನಲ್ ಇರಲಿ, ಕಂಪ್ಯೂಟರಿಗೆ ಬೇರೆ ಕೋಣೆ ನೋಡೋಣ ಎಂದು ಹೇಳಿ ಹೊರಟರು.

ಅವರ ಕಾರು ಗೇಟು ದಾಟಿದ ಮೇಲೆ ಅವಳು ಸ್ಟೂಲಿನ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎರಡು ವರ್ಷ ಅಂದರೆ ಸಣ್ಣದಲ್ಲ. ಎರ್ರಿಸ್ವಾಮಿ ನೀರು ತಂದುಕೊಟ್ಟ. ಅವಳು ಕುಡಿದಳು, ಮುಖ ಒರೆಸಿಕೊಂಡಳು. ಎದ್ದು ಕೊಳವೆಯನ್ನು ಪ್ಲೇಟಿನ ಮುಂದಿನ ಅಂಚಿನವರೆಗೂ ತಂದು ನಿಲ್ಲಿಸಿದಳು.

"ಫ್ಯಾನ್ ಹಾಕ್ರಿ ಅಣ್ಣ" ಎಂದಳು. "ಮೊದ್ಲಿಂದ ಶುರು ಮಾಡಾಣ."